ಪೆಟ್ಟಿಗೆಯ ಮೇಲೆ 19200, ಗಾಜಿನ ಕೆಳಗೆ ಎಷ್ಟು?

ಹಳೆಯ 35 ಮಿ.ಮೀ. ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವ ಮೊದಲು ನನ್ನ ಫ್ಲಾಟ್‌ಬೆಡ್ ಸ್ಕ್ಯಾನರ್‌ನ ನಿಜವಾದ ಸಾಮರ್ಥ್ಯವನ್ನು ಅಳೆಯಲು ಕುಳಿತೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ 19200 ಡಿಪಿಐ ಎಂದಿತ್ತು. ಕೈಪಿಡಿಯ ಕೊನೆಯ ಪುಟದಲ್ಲಿ ಮಾತ್ರ ಆಪ್ಟಿಕಲ್ ರೆಸಲ್ಯೂಶನ್ 2400 × 4800 ಎಂದು ಸಣ್ಣದಾಗಿ ಅಚ್ಚಾಗಿತ್ತು.

ಈ ಜೋಡಿಯಲ್ಲಿ ನಂಬಬೇಕಾದದ್ದು ಸಣ್ಣ ಸಂಖ್ಯೆಯನ್ನು. ಗಾಜಿನ ಅಡ್ಡಗಲದುದ್ದಕ್ಕೂ ಒಂದು ಅಂಗುಲವನ್ನು ಸೆನ್ಸರ್ ಎಷ್ಟು ಬಿಂದುಗಳಾಗಿ ಓದುತ್ತದೆ ಎಂಬುದು 2400. ಸೆನ್ಸರನ್ನು ಹೊತ್ತ ಗಾಡಿಯನ್ನು ಮೋಟಾರು ಒಂದು ಅಂಗುಲದಲ್ಲಿ ಎಷ್ಟು ಹೆಜ್ಜೆಗಳಲ್ಲಿ ಸರಿಸಬಲ್ಲದು ಎಂಬುದು 4800. ಹೆಜ್ಜೆ ಸಣ್ಣದಾದರೂ ಲೆನ್ಸ್ ಹರಿತವಾಗುವುದಿಲ್ಲ. ಒಂದರ ಮೇಲೊಂದು ಹಾಯುವ ಸಾಲುಗಳು ಸಿಗುತ್ತವೆ, ಅಷ್ಟೆ.

19200 ಇವೆರಡರಲ್ಲಿ ಯಾವುದೂ ಅಲ್ಲ. ಓದಿದ ಎರಡು ಬಿಂದುಗಳ ನಡುವೆ ಏನಿರಬಹುದೆಂದು ಸಾಫ್ಟ್‌ವೇರ್ ಅಕ್ಕಪಕ್ಕದ ಬೆಲೆಗಳಿಂದ ಲೆಕ್ಕ ಹಾಕಿ ತುಂಬುತ್ತದೆ. 2400ರಿಂದ 19200ಕ್ಕೆ ಹೋದರೆ ಎರಡೂ ದಿಕ್ಕಿನಲ್ಲಿ ಎಂಟು ಪಟ್ಟು, ಅಂದರೆ ಒಂದು ಪಿಕ್ಸೆಲ್ ಇದ್ದಲ್ಲಿ 64. ಒಂದು ನೆಗೆಟಿವ್‌ನ ಸುಮಾರು 23 ಎಂಬಿಯ ಬಣ್ಣದ ಕಡತ ಒಂದೂವರೆ ಜಿಬಿಗೆ ಊದಿಕೊಳ್ಳುತ್ತದೆ. ಫಿಲ್ಮಿನಲ್ಲಿದ್ದ ಒಂದು ಕೂದಲೆಳೆಯೂ ಅದರಿಂದ ಹೆಚ್ಚು ಸ್ಪಷ್ಟವಾಗುವುದಿಲ್ಲ. ಸಂಖ್ಯೆ ಸುಳ್ಳಲ್ಲ, ಆದರೆ ಅದನ್ನು ಮುಂದೆ ಮಾಡಿ ಮಾರುವುದು ನನಗೆ ಅನ್ಯಾಯವೆನಿಸುತ್ತದೆ.

ಅಳತೆಗೆ 1951ರ ಯುಎಸ್ಎಎಫ್ ಪರೀಕ್ಷಾ ಗಾಜುಫಲಕವನ್ನು ಬಳಸಿದೆ. ಅದರಲ್ಲಿ ಮೂರು ಮೂರು ಗೆರೆಗಳ ಅಂಶಗಳು, ಆರಾರು ಸೇರಿ ಒಂದೊಂದು ಗುಂಪಾಗಿ, ಕ್ರಮವಾಗಿ ಕಿರಿದಾಗುತ್ತಾ ಹೋಗುತ್ತವೆ. ಫಲಕವನ್ನು ಫಿಲ್ಮ್ ಕೂರುವ ಎತ್ತರದಲ್ಲೇ ಇಟ್ಟು, ಶಾರ್ಪನಿಂಗ್ ಆಯ್ಕೆಯನ್ನು ಆಫ್ ಮಾಡಿ, 2400ರಲ್ಲಿ ಸ್ಕ್ಯಾನ್ ಮಾಡಿದೆ. ಗೆರೆಗಳು ಬಿಡಿಯಾಗಿ ಕಂಡ ಕೊನೆಯ ಜಾಗ ನಾಲ್ಕನೇ ಗುಂಪಿನ ಆರನೇ ಅಂಶ. ಅಲ್ಲಿ ಒಂದು ಮಿ.ಮೀ.ಗೆ 28.5 ಜೋಡಿ ಗೆರೆಗಳಿರುತ್ತವೆ. ಕಪ್ಪು–ಬಿಳಿ ಜೋಡಿಗೆ ಕನಿಷ್ಠ ಎರಡು ಪಿಕ್ಸೆಲ್ ಬೇಕು, ಅಂಗುಲಕ್ಕೆ 25.4 ಮಿ.ಮೀ.; ಗುಣಿಸಿದರೆ ಸುಮಾರು 1450 ಡಿಪಿಐ. ಸೆನ್ಸರ್ 2400 ಬಾರಿ ಓದಿದರೂ ಲೆನ್ಸ್, ಫೋಕಸ್ ಮತ್ತು ಗಾಡಿಯ ಅದುರುವಿಕೆ ಸೇರಿ ದಾಟಿಸಿದ್ದು ಇಷ್ಟನ್ನೇ.

ಪರೀಕ್ಷಾ ಫಲಕ ಇಲ್ಲದವರಿಗೂ ದಾರಿಯಿದೆ. ಒಂದೇ ನೆಗೆಟಿವ್ ಅನ್ನು 2400ರಲ್ಲೂ 9600ರಲ್ಲೂ ಸ್ಕ್ಯಾನ್ ಮಾಡಿ. ಮೊದಲನೆಯದನ್ನು ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ನಾಲ್ಕು ಪಟ್ಟು ಹಿಗ್ಗಿಸಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಫಿಲ್ಮಿನ ಮೇಲಿನ ಧೂಳಿನ ಕಣ, ಗೀರುಗಳ ಅಂಚು ಎರಡರಲ್ಲೂ ಅಷ್ಟೇ ಮಸುಕಾಗಿದ್ದರೆ, ಸ್ಕ್ಯಾನರ್ ಮಾಡಿದ್ದೂ ಅದೇ ಹಿಗ್ಗಿಸುವಿಕೆ. ನನ್ನ ಯಂತ್ರದಲ್ಲಿ ವ್ಯತ್ಯಾಸ ಸಿಗಲಿಲ್ಲ.

ಈಗ 2400ರಲ್ಲೇ ಸ್ಕ್ಯಾನ್ ಮಾಡುತ್ತೇನೆ. ಮುದ್ರಣದ ಗಾತ್ರವನ್ನು ಮಾತ್ರ 1450ರ ಲೆಕ್ಕದಲ್ಲಿ ನಿರ್ಧರಿಸುತ್ತೇನೆ: 300 ಡಿಪಿಐ ಮುದ್ರಣಕ್ಕೆ ಅದು ಸುಮಾರು 17 × 11.5 ಸೆಂ.ಮೀ. ಅದಕ್ಕಿಂತ ದೊಡ್ಡ ಪ್ರತಿ ಬೇಕಾದ ನೆಗೆಟಿವ್‌ಗಳನ್ನು ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರ್‌ಗೆ ಕೊಡಲು ಬೇರೆ ತೆಗೆದಿಡುತ್ತೇನೆ.