ಲೀಟರ್ ಬಿಟ್ಟು ಕೆಜಿ ಲೆಕ್ಕ: ಅಡುಗೆ ಎಣ್ಣೆಯ ದರವನ್ನು ನಾನು ಹೋಲಿಸಿದ ಬಗೆ

ನಾವಿರುವುದು ದಾವಣಗೆರೆಯಲ್ಲಿ. ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಹೆಚ್ಚುಕಮ್ಮಿ ಎರಡೂವರೆ ಕೆಜಿ ಎಣ್ಣೆ ಖರ್ಚಾಗುತ್ತದೆ. ಎಣ್ಣೆ ದರ ಏರಿದಾಗಲೆಲ್ಲ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಪ್ಯಾಕೆಟ್ ತರುವುದೋ, ಟಿನ್ ತರುವುದೋ? ರಿಫೈನ್ಡ್ ಸಾಕೋ, ಗಾಣದ ಎಣ್ಣೆಯೇ ಬೇಕೋ? ಬಾಯಿಮಾತಿನಲ್ಲಿ ಇದು ಬಗೆಹರಿಯುವುದಿಲ್ಲ ಅಂತ ಒಂದು ದಿನ ನೋಟ್‌ಬುಕ್ ಹಿಡಿದು ಅಂಗಡಿಗೆ ಹೋದೆ.

ಮೊದಲು ನೋಡಬೇಕಾದ್ದು ಪ್ಯಾಕೆಟ್ ಮೇಲಿನ ಗ್ರಾಂ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ ಮಾತ್ರ. ಹಾಗಾಗಿ ಒಂದು ಲೀಟರ್ ಪ್ಯಾಕೆಟ್‌ಗೂ ಒಂದು ಕೆಜಿ ಪ್ಯಾಕೆಟ್‌ಗೂ 90 ಗ್ರಾಂ ವ್ಯತ್ಯಾಸ. 2022ರಲ್ಲಿ ಇಂತಿಷ್ಟೇ ಅಳತೆಯಲ್ಲಿ ಪ್ಯಾಕ್ ಮಾಡಬೇಕೆಂಬ ನಿಯಮ ಹೋಯಿತು. ಆಮೇಲೆ 870, 850, 800, 750 ಗ್ರಾಂ ಪ್ಯಾಕೆಟ್‌ಗಳೆಲ್ಲ ಬಂದವು. ಕಪಾಟಿನಲ್ಲಿ ಪಕ್ಕಪಕ್ಕ ನಿಲ್ಲಿಸಿದರೆ ಒಂದು ಲೀಟರ್ ಪ್ಯಾಕೆಟ್‌ನಷ್ಟೇ ದಪ್ಪ ಕಾಣುತ್ತವೆ. ಅದಕ್ಕೇ ನಾನು ಎಲ್ಲವನ್ನೂ ಕೆಜಿ ದರಕ್ಕೆ ಇಳಿಸಿದೆ. ಅಂಗಡಿಯವರು ಹೇಳಿದ ಬೆಲೆಯನ್ನು ಗ್ರಾಂನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಮುಗಿಯಿತು.

ಆ ದಿನದ ಸೂರ್ಯಕಾಂತಿ ರಿಫೈನ್ಡ್ ಎಣ್ಣೆಯ ಲೆಕ್ಕ ಹೀಗಿತ್ತು. ಒಂದು ಲೀಟರ್ ಪ್ಯಾಕೆಟ್ 152 ರೂಪಾಯಿ, ಅಂದರೆ ಕೆಜಿಗೆ 167. ಇನ್ನೊಂದು ಕಂಪನಿಯ 850 ಗ್ರಾಂ ಪ್ಯಾಕೆಟ್ 146 ರೂಪಾಯಿ. ಆರು ರೂಪಾಯಿ ಅಗ್ಗ ಅನಿಸುತ್ತದೆ, ಆದರೆ ಕೆಜಿಗೆ 172 ಬಿತ್ತು. ಐದು ಲೀಟರ್ ಕ್ಯಾನ್ 775 ರೂಪಾಯಿ. ದೊಡ್ಡದು ಅಗ್ಗ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ, ಅಲ್ವಾ? ಅದು ಕೆಜಿಗೆ 170 ಆಯಿತು. ಬಿಡಿ ಪ್ಯಾಕೆಟ್‌ಗಿಂತ ಮೂರು ರೂಪಾಯಿ ಜಾಸ್ತಿ! ಗಟ್ಟಿ ಪ್ಲಾಸ್ಟಿಕ್ ಕ್ಯಾನಿನ ಖರ್ಚೂ ಆ ಬೆಲೆಯೊಳಗೇ ಇರುತ್ತದೆ.

ಟಿನ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹದಿನೈದು ಲೀಟರ್ ಟಿನ್ ಬೇರೆ, ಹದಿನೈದು ಕೆಜಿ ಟಿನ್ ಬೇರೆ. ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ. ಲೀಟರ್ ಟಿನ್ 2,310, ಕೆಜಿ ಟಿನ್ 2,460 ಇತ್ತು. ನೂರೈವತ್ತು ರೂಪಾಯಿ ಉಳಿಯಿತು ಅಂತ ಲೀಟರ್ ಟಿನ್ ಎತ್ತಿಕೊಂಡರೆ ಅದರಲ್ಲಿ 13.65 ಕೆಜಿ ಮಾತ್ರ ಇರುತ್ತದೆ, ಕೆಜಿಗೆ 169 ಬೀಳುತ್ತದೆ. ಹದಿನೈದು ಕೆಜಿಯದ್ದು ಕೆಜಿಗೆ 164. ಆ ದಿನ ಎಲ್ಲಕ್ಕಿಂತ ಅಗ್ಗ ಅದೇ.

ಪ್ಯಾಕೆಟ್ ಮೇಲೆ ಗ್ರಾಂಗೆ ಇಷ್ಟು, ಲೀಟರ್‌ಗೆ ಇಷ್ಟು ಅಂತ ಬಿಡಿ ದರವನ್ನೂ ಮುದ್ರಿಸಿರುತ್ತಾರೆ. ಅದನ್ನು ನಾನು ನೆಚ್ಚುವುದಿಲ್ಲ. ಅದು ಎಂಆರ್‌ಪಿ ಮೇಲಿನ ಲೆಕ್ಕ. ಎಣ್ಣೆಯನ್ನು ಅಂಗಡಿಗಳು ಸಾಮಾನ್ಯವಾಗಿ ಎಂಆರ್‌ಪಿಗಿಂತ ಸಾಕಷ್ಟು ಕಡಿಮೆಗೆ ಕೊಡುತ್ತವೆ. ಒಬ್ಬೊಬ್ಬರು ಒಂದೊಂದು ಥರ ಬಿಡುವುದರಿಂದ ನಾವು ಕೊಡುವ ದುಡ್ಡಿನ ಮೇಲೇ ಲೆಕ್ಕ ಹಾಕಬೇಕು.

ಇನ್ನು ಗಾಣದ ಎಣ್ಣೆ. ಶೇಂಗಾ ಎಣ್ಣೆಯನ್ನೇ ತೆಗೆದುಕೊಂಡೆ, ಯಾಕೆಂದರೆ ನಮ್ಮ ಕಡೆ ಅದರದ್ದೇ ರಾಜ್ಯ. ಪಕ್ಕದ ಚಳ್ಳಕೆರೆಯನ್ನು ಎಣ್ಣೆ ನಗರ ಅಂತಲೇ ಕರೆಯುತ್ತಿದ್ದರು. ರಿಫೈನ್ಡ್ ಶೇಂಗಾ ಎಣ್ಣೆ ಲೀಟರ್‌ಗೆ 195 ಇದ್ದರೆ ಮರದ ಗಾಣದ್ದು 320. ಇಷ್ಟು ಅಂತರ ಯಾಕೆ ಅಂತ ತಿಳಿಯಲು ನಾನೇ 10 ಕೆಜಿ ಶೇಂಗಾ ಬೀಜ ಕೊಂಡು ಗಾಣಕ್ಕೆ ಹಾಕಿಸಿದೆ. ಬೀಜ ಕೆಜಿಗೆ 125ರಂತೆ 1,250 ರೂಪಾಯಿ. ಆಡಿಸುವ ಕೂಲಿ 150. ಸಿಕ್ಕಿದ್ದು ನಾಲ್ಕು ಕೆಜಿ ಎಣ್ಣೆ. ಉಳಿದ ಹಿಂಡಿಯನ್ನು ದನ ಸಾಕುವವರಿಗೆ ಕೊಟ್ಟಿದ್ದಕ್ಕೆ 228 ರೂಪಾಯಿ ಬಂತು. ಕಳೆದರೆ ನಿವ್ವಳ ಖರ್ಚು 1,172. ಕೆಜಿಗೆ 293, ಲೀಟರ್‌ಗೆ 267. ಇದರ ಮೇಲೆ ಬಾಟಲಿ, ಬಾಡಿಗೆ, ಲಾಭ ಸೇರಿದರೆ 320 ಅನ್ನುವುದು ನ್ಯಾಯದ ಬೆಲೆಯೇ. ಅದೇ ದಿನ ಯಾರಾದರೂ 210ಕ್ಕೆ ಗಾಣದ ಶೇಂಗಾ ಎಣ್ಣೆ ಕೊಡುತ್ತೇನೆ ಅಂದರೆ ಅದರಲ್ಲಿ ಬೇರೆ ಎಣ್ಣೆ ಬೆರೆತಿದೆ ಅಂತಲೇ ನಾನು ತಿಳಿಯುತ್ತೇನೆ. ಬಣ್ಣ ನೋಡಿ ಕಲಬೆರಕೆ ಗೊತ್ತಾಗುವುದಿಲ್ಲ. ಬೀಜದ ದರ ನೋಡಿದರೆ ಅನುಮಾನಕ್ಕೊಂದು ಆಧಾರ ಸಿಗುತ್ತದೆ.

ದೊಡ್ಡ ಮಿಲ್‌ಗಳಿಗೆ ಕಡಿಮೆಗೆ ಕೊಡಲು ಹೇಗೆ ಆಗುತ್ತದೆ? ಅವರು ಸಣ್ಣ ಬೀಜವನ್ನು ಸಗಟಿನಲ್ಲಿ ಕೊಳ್ಳುತ್ತಾರೆ. ಗಾಣದ ಹಿಂಡಿಯಲ್ಲಿ ಇನ್ನೂ ಸಾಕಷ್ಟು ಎಣ್ಣೆ ಉಳಿದಿರುತ್ತದೆ. ಕಾರ್ಖಾನೆಯಲ್ಲಿ ಹಿಂಡಿಯಿಂದಲೂ ಹೆಕ್ಸೇನ್ ಬಳಸಿ ಎಣ್ಣೆ ತೆಗೆಯುತ್ತಾರೆ. ಆಮೇಲೆ ಅಂಟು ತೆಗೆದು, ಕ್ಷಾರ ಹಾಕಿ ಹುಳಿ ಅಂಶ ಇಳಿಸಿ, ವಿಶೇಷ ಜೇಡಿಮಣ್ಣಿನಿಂದ ಬಣ್ಣ ತೆಗೆದು, ಕೊನೆಗೆ 200 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಅಂಗಡಿಯಲ್ಲಿ 'ಫಿಲ್ಟರ್ಡ್' ಅಂತ ಇನ್ನೊಂದು ಬಗೆ ಇದೆ. ಅದು ಸಾಮಾನ್ಯವಾಗಿ ಬೀಜವನ್ನು ಬಿಸಿ ಮಾಡಿ ಯಂತ್ರದಲ್ಲಿ ಹಿಂಡಿ ಸೋಸಿದ್ದು. ರಿಫೈನ್ ಆಗಿರುವುದಿಲ್ಲ, ಹಾಗಂತ ಗಾಣದ್ದೂ ಅಲ್ಲ. ಗಾಣದ ಬೆಲೆಗೆ ಅದನ್ನು ಕೊಳ್ಳಬೇಡಿ.

ರಿಫೈನ್ ಮಾಡಿದಾಗ ಬದಲಾಗುವುದು ಪರಿಮಳ, ಬಣ್ಣ, ಸ್ವಲ್ಪ ವಿಟಮಿನ್ ಇ ಮತ್ತು ಹೊಗೆಯಾಡುವ ಶಾಖ. ಕೊಬ್ಬಿನ ಬಗೆ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಕ್ಯಾಲೊರಿಯೂ ಅಷ್ಟೇ, ಗ್ರಾಂಗೆ ಒಂಬತ್ತು. ಗಾಣದ್ದು ಅಂತ ಒಂದು ಚಮಚ ಜಾಸ್ತಿ ಸುರಿದರೆ ಮೈಗೆ ಅಷ್ಟೂ ಜಾಸ್ತಿಯೇ.

ಬಾಣಲೆಯಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಮಿರ್ಚಿ ಕರಿಯಲು ಎಣ್ಣೆ ಸುಮಾರು 175-180 ಡಿಗ್ರಿ ಕಾಯಬೇಕು. ರಿಫೈನ್ಡ್ ಶೇಂಗಾ ಎಣ್ಣೆ ಹೊಗೆಯಾಡುವುದು 230ರ ಸುತ್ತ, ಗಾಣದ್ದು 160ರ ಸುತ್ತಲೇ ಶುರು ಮಾಡುತ್ತದೆ. ಜೊತೆಗೆ ಅದರಲ್ಲಿ ಉಳಿದ ಅಂಟು ಮತ್ತು ತೇವದಿಂದ ನೊರೆ ಉಕ್ಕಿ ಬರುತ್ತದೆ. ಹಾಗಾಗಿ ಕರಿಯಲು ರಿಫೈನ್ಡ್, ಒಗ್ಗರಣೆಗೆ, ಮಂಡಕ್ಕಿಗೆ, ರೊಟ್ಟಿ ಜೊತೆಯ ಚಟ್ನಿಪುಡಿಗೆ ಗಾಣದ್ದು ಅಂತ ಹಂಚಿಕೊಂಡೆ. ತಿಂಗಳಿಗೆ ಹದಿನೈದು ಕೆಜಿ ಟಿನ್ನಿನ ಸೂರ್ಯಕಾಂತಿ ರಿಫೈನ್ಡ್ ಒಂದೂವರೆ ಕೆಜಿ, ನಾನೇ ಆಡಿಸಿದ ಗಾಣದ ಎಣ್ಣೆ ಒಂದು ಕೆಜಿ: ಒಟ್ಟು 539 ರೂಪಾಯಿ. ಪೂರ್ತಿ ಗಾಣದ್ದೇ ಆದರೆ 732 ಆಗುತ್ತಿತ್ತು.

ಗಾಣಕ್ಕೆ ಹಾಕಿಸುವವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಶೇಂಗಾಗೆ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ಲಿವರ್‌ಗೆ ಕೆಟ್ಟದ್ದು. ರಿಫೈನ್ ಮಾಡುವಾಗ ಅದು ಬಹುಪಾಲು ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಅದಕ್ಕೆ ಬೀಜವನ್ನು ಮೊರದಲ್ಲಿ ಹರಡಿ ಮುರುಟಿದ್ದು, ಕಪ್ಪಾದದ್ದು, ಹಸಿರು ಬೂಸ್ಟು ಕಂಡದ್ದು ಎಲ್ಲವನ್ನೂ ಆರಿಸಿ ಎಸೆಯಿರಿ. ಹತ್ತು ಕೆಜಿ ಆರಿಸಲು ಹೊತ್ತು ಹಿಡಿಯುತ್ತದೆ, ಆದರೂ ಬಿಡಬೇಡಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಗಾಣದವರ ಬೀಜದ ಚೀಲ ನೋಡಿ.

ತಂದ ಎಣ್ಣೆಯನ್ನು ನಾಲ್ಕೈದು ದಿನ ಅಲುಗಾಡಿಸದೆ ಇಟ್ಟರೆ ಮಡ್ಡಿ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಒಣಗಿದ ಸ್ಟೀಲ್ ಡಬ್ಬಿಗೆ ಬಗ್ಗಿಸಿ, ಬೆಳಕು ಬೀಳದ ಕಡೆ ಇಟ್ಟು, ನಾಲ್ಕು ತಿಂಗಳಲ್ಲಿ ಮುಗಿಸುತ್ತೇನೆ. ಹದಿನೈದು ಕೆಜಿ ರಿಫೈನ್ಡ್ ಟಿನ್ನನ್ನೂ ನಮ್ಮ ಮನೆಯೊಂದರಲ್ಲೇ ಬಳಸಿದರೆ ಹತ್ತು ತಿಂಗಳು ತೆರೆದೇ ಇರಬೇಕಾಗುತ್ತದೆ. ಆದ್ದರಿಂದ ಪಕ್ಕದ ಎರಡು ಮನೆಯವರ ಜೊತೆ ಸೇರಿ ತರಿಸಿ, ಅದೇ ದಿನ ತೂಕ ಹಾಕಿ ತಲಾ ಐದು ಕೆಜಿ ಹಂಚಿಕೊಳ್ಳುತ್ತೇವೆ.