ಹದಿನೇಳು ಪರ್ಸೆಂಟ್ ಎಲ್ಲಿ ಹೋಯ್ತು? ವೇತನ ಒಪ್ಪಂದವನ್ನು ಸ್ಲಿಪ್ಪಿಗೆ ಇಳಿಸಿ ನೋಡಿದ ನನ್ನ ಅನುಭವ

2024ರ ಮಾರ್ಚ್ 8ರಂದು ಬ್ಯಾಂಕ್ ನೌಕರರ ಸಂಬಳದ ಹನ್ನೆರಡನೇ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿತ್ತು. ಮಾರನೇ ದಿನದಿಂದ ನನ್ನ ಫೋನು ಸುಮ್ನೆ ಕೂರಲಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತ, ನಮ್ಮ ಯೂನಿಯನ್ನಿನ ಸ್ಥಳೀಯ ಘಟಕದ ಪದಾಧಿಕಾರಿ. ಎಲ್ಲರದ್ದೂ ಒಂದೇ ಪ್ರಶ್ನೆ: "ಹದಿನೇಳು ಪರ್ಸೆಂಟ್ ಅಂದ್ರಲ್ಲ ಸಾರ್, ನನಗೆ ಕೈಗೆ ಎಷ್ಟು ಬರುತ್ತೆ?"

ಈ 17 ಪರ್ಸೆಂಟ್ ಒಬ್ಬೊಬ್ಬರ ಸಂಬಳದ ಮೇಲಲ್ಲ. 2022ರ ಮಾರ್ಚ್ 31ಕ್ಕೆ ಬ್ಯಾಂಕುಗಳ ಒಟ್ಟು ವೇತನ ವೆಚ್ಚ ಎಷ್ಟಿತ್ತೋ ಅದರ ಮೇಲೆ. ಸರ್ಕಾರಿ ಬ್ಯಾಂಕುಗಳಿಗೆ ಈ ಹೆಚ್ಚಳ ವರ್ಷಕ್ಕೆ ಸುಮಾರು 8,284 ಕೋಟಿ ರೂಪಾಯಿ. ಬ್ಯಾಂಕುಗಳ ಪರವಾಗಿ ಮಾತಾಡುವ ಸಂಘ ಐಬಿಎ ಮತ್ತು ಯೂನಿಯನ್ನುಗಳು ಮೊದಲು ಈ ಗಂಟು ಎಷ್ಟು ದೊಡ್ಡದು ಅಂತ ಗುದ್ದಾಡುತ್ತವೆ. ಆಮೇಲೆ ಗಂಟು ಬಿಚ್ಚಿ ಬೇಸಿಕ್‌ಗೆ ಎಷ್ಟು, ಭತ್ಯೆಗಳಿಗೆ ಎಷ್ಟು ಅಂತ ಹಂಚುತ್ತವೆ. ಪತ್ರಿಕೆಗಳಲ್ಲಿ ಬರುವುದು ಮೊದಲನೆಯದು. ನಮ್ಮ ಜೀವನ ನಡೆಯುವುದು ಎರಡನೆಯದರ ಮೇಲೆ.

ನಮ್ಮ ಶಾಖೆಯ ಹೆಡ್ ಕ್ಯಾಷಿಯರ್ ಮೇಡಂ ಸ್ಲಿಪ್ ಇಟ್ಟುಕೊಂಡು ಒಂದು ಶನಿವಾರ ಮಧ್ಯಾಹ್ನ ಲೆಕ್ಕಕ್ಕೆ ಕೂತೆವು. ಅವರ ಹಳೆ ಬೇಸಿಕ್ 30,550. ಹೊಸ ಸ್ಕೇಲಿನಲ್ಲಿ ಅದೇ ಹಂತಕ್ಕೆ 41,020. ಹಂತಕ್ಕೆ ಹಂತ ಕೂರಿಸುವುದು ಅಂದರೆ ಇದೇ. ಹತ್ತು ಇನ್‌ಕ್ರಿಮೆಂಟ್ ಮುಗಿಸಿದವರು ಹೊಸ ಸ್ಕೇಲಿನಲ್ಲೂ ಹತ್ತು ಮುಗಿಸಿದ ಜಾಗದಲ್ಲೇ ಕೂರುತ್ತಾರೆ. ಮೇಡಂ ಮುಖ ಅರಳಿತು. "ಹತ್ತು ಸಾವಿರ ಜಾಸ್ತಿ ಆಯ್ತಲ್ಲ!"

ಆಗಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಅವರು ಆಗಲೇ ತೆಗೆದುಕೊಳ್ಳುತ್ತಿದ್ದ ತುಟ್ಟಿಭತ್ಯೆ, ಅಂದರೆ ಡಿಎ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಲೇಬರ್ ಬ್ಯೂರೋ ತಿಂಗಳು ತಿಂಗಳು ಹೊರಡಿಸುತ್ತದೆ. ನಮ್ಮ ಡಿಎ ಅದರ ಬೆನ್ನು ಹಿಡಿದು ಮೂರು ತಿಂಗಳಿಗೊಮ್ಮೆ ಏರುತ್ತದೆ ಇಲ್ಲವೇ ಇಳಿಯುತ್ತದೆ. ಹನ್ನೊಂದನೇ ಒಪ್ಪಂದದಲ್ಲಿ 6352 ಅಂಕದವರೆಗಿನ ಡಿಎ ಬೇಸಿಕ್‌ನಲ್ಲಿ ಸೇರಿತ್ತು. ಅದರ ಮೇಲೆ ಪ್ರತಿ ನಾಲ್ಕು ಅಂಕಕ್ಕೆ 0.07 ಪರ್ಸೆಂಟ್ ಸಿಗುತ್ತಿತ್ತು. ಹನ್ನೆರಡನೆಯದರಲ್ಲಿ 8088 ಅಂಕದವರೆಗಿನದನ್ನು ಬೇಸಿಕ್‌ಗೆ ಸೇರಿಸಿದರು. ನಡುವೆ 1736 ಅಂಕ, ಅಂದರೆ 434 ಸ್ಲ್ಯಾಬ್, ಅಂದರೆ 30.38 ಪರ್ಸೆಂಟ್.

30,550ಕ್ಕೆ 30.38 ಪರ್ಸೆಂಟ್ ಸೇರಿಸಿದರೆ 39,831. ಇಷ್ಟು ಹಳೆಯ ದುಡ್ಡೇ, ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದ್ದು. ಅದರ ಮೇಲೆ 3 ಪರ್ಸೆಂಟ್ ಹೇರಿದರೆ ಸುಮಾರು 41,026. ದುಂಡಗೆ ಮಾಡಿ ಸ್ಕೇಲಿನಲ್ಲಿ 41,020 ಇಟ್ಟರು. ಈ 3 ಪರ್ಸೆಂಟಿಗೆ ನಮ್ಮವರು ಹೇಳುವುದು ಲೋಡ್ ಅಂತ. ಬೇಸಿಕ್‌ನಲ್ಲಿ ನಿಜವಾಗಿ ಹೊಸದಾಗಿ ಬಂದದ್ದು ಅದೊಂದೇ. ಮೇಡಂಗೆ 1,189 ರೂಪಾಯಿ.

"ಇಷ್ಟೇನಾ?" ಅಂದರು.

ಇಷ್ಟೇ ಅಲ್ಲ, ಸ್ಪೆಷಲ್ ಅಲೋಯನ್ಸ್ ಇದೆ. ಹಿಂದೆ ಅದು ಬೇಸಿಕ್‌ನ 16.4 ಪರ್ಸೆಂಟ್ ಇತ್ತು, ಈಗ ನಮ್ಮಂಥ ಸಿಬ್ಬಂದಿಗೆ 26.5. ಅದರ ಮೇಲೂ ಡಿಎ ಇದೆ. ಮೇಡಂ ಅವರ ಹಳೆಯದು 5,010, ಡಿಎ ಸೇರಿ 6,532. ಹೊಸದು 10,870. ಹೆಚ್ಚಳ 4,338. ಎರಡನ್ನೂ ಕೂಡಿದರೆ 5,527 ರೂಪಾಯಿ. ಹಳೆಯ ಎರಡರ ಮೊತ್ತ 46,363ಕ್ಕೆ ಹೋಲಿಸಿದರೆ 12 ಪರ್ಸೆಂಟ್‌ಗೆ ಸ್ವಲ್ಪ ಕಡಿಮೆ. ಹೋಲಿಕೆ ಮಾಡುವಾಗ ಎರಡೂ ಕಡೆ ಸೂಚ್ಯಂಕ 8088ರಲ್ಲೇ ಇರಬೇಕು. ಹಳೆ ತಿಂಗಳ ಸ್ಲಿಪ್ಪನ್ನು ಹೊಸ ತಿಂಗಳ ಸ್ಲಿಪ್ಪಿನ ಪಕ್ಕ ಇಟ್ಟರೆ ನಡುವೆ ಏರಿದ ಡಿಎ ಕೂಡ ಒಪ್ಪಂದದ ಲಾಭದಂತೆ ಕಾಣುತ್ತದೆ. ತುಂಬಾ ಜನ ಎಡವುವುದು ಇಲ್ಲೇ.

ಈಗ ಮೇಡಂಗೆ ಸಿಕ್ಕ ಆ ಎರಡು ಅಂಕಿ ಮತ್ತೆ ನೋಡಿ. 1,189 ಬೇಸಿಕ್‌ನಲ್ಲಿ, 4,338 ಸ್ಪೆಷಲ್ ಅಲೋಯನ್ಸ್‌ನಲ್ಲಿ. ಸ್ಪೆಷಲ್ ಅಲೋಯನ್ಸ್ ಪಿಂಚಣಿಗೆ, ಪಿಎಫ್‌ಗೆ, ಗ್ರಾಚ್ಯುಟಿಗೆ ಲೆಕ್ಕಕ್ಕಿಲ್ಲ ಅಂತ ಒಪ್ಪಂದದಲ್ಲೇ ಬರೆದಿದೆ. ಅಂದರೆ ಹೊಸ ದುಡ್ಡಿನಲ್ಲಿ ಐದರಲ್ಲಿ ನಾಲ್ಕು ಪಾಲು ನಿವೃತ್ತಿಯ ದಿನ ಮನೆಗೆ ಬರುವುದಿಲ್ಲ. ಬೇಸಿಕ್‌ಗೆ ಒಂದು ರೂಪಾಯಿ ಹಾಕಿದರೆ ಬ್ಯಾಂಕಿಗೆ ಅದರ ಹಿಂದೆ ಪಿಂಚಣಿ, ಗ್ರಾಚ್ಯುಟಿಯ ಖರ್ಚೂ ಬರುತ್ತದೆ. ಅದೇ ಗಂಟಿನಲ್ಲಿ ಕೈಗೆ ಜಾಸ್ತಿ ಕೊಡಬೇಕು ಅಂದರೆ ಲೋಡ್ ಸಣ್ಣದಾಗಿ ಅಲೋಯನ್ಸ್ ದೊಡ್ಡದಾಗುತ್ತದೆ. ನಾನು ಯೂನಿಯನ್ನಿನವನೇ ಆದರೂ ಹೇಳುತ್ತೇನೆ, ಇದು ನನಗೆ ಇಷ್ಟವಾಗಲಿಲ್ಲ. ಚಿಕ್ಕ ವಯಸ್ಸಿನ ಸಹೋದ್ಯೋಗಿಗಳು ಮಾತ್ರ "ಈಗ ಇಎಂಐ ಕಟ್ಟಬೇಕಲ್ಲ ಸಾರ್" ಅಂದರು. ಅದೂ ಸುಳ್ಳಲ್ಲ.

ಇನ್ನು ಬಾಕಿ. ಒಪ್ಪಂದ ಜಾರಿಗೆ ಬಂದದ್ದು 2022ರ ನವೆಂಬರ್ 1ರಿಂದ, ಸಹಿ ಬಿದ್ದದ್ದು ಹದಿನಾರು ತಿಂಗಳ ಮೇಲೆ. ಹಿಂಬಾಕಿಯ ಪಟ್ಟಿ ಬಂದಾಗ ನಾನು ಎಲ್ಲರಿಗೂ ಹೇಳಿದ್ದು ಒಂದೇ: ಇನ್‌ಕ್ರಿಮೆಂಟ್ ಬಂದ ತಿಂಗಳನ್ನು ನೋಡಿ. ಮೇಡಂಗೆ ಇನ್‌ಕ್ರಿಮೆಂಟ್ ಜೂನ್‌ನಲ್ಲಿ. ಹಳೆ ಸ್ಕೇಲಿನಲ್ಲಿ 30,550 ಹೋಗಿ 32,280 ಆಗಿತ್ತು. ಹೊಸದರಲ್ಲಿ 41,020 ಹೋಗಿ 43,360 ಆಗಬೇಕು. ಪಟ್ಟಿಯಲ್ಲಿ ಹಳೆ ಕಾಲಂ ಏರಿತ್ತು, ಹೊಸ ಕಾಲಂ 41,020ರಲ್ಲೇ ನಿಂತಿತ್ತು. ಹಾಗಾಗಿ ಮೇ ತಿಂಗಳಿಗಿಂತ ಜೂನ್ ತಿಂಗಳ ಬಾಕಿ ಕಡಿಮೆ ಬಂದಿತ್ತು. ಇನ್‌ಕ್ರಿಮೆಂಟ್ ತಿಂಗಳಲ್ಲಿ ಬಾಕಿ ಇಳಿದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ಎರಡು ಸಾಲಿನ ಪತ್ರ ಬರೆದೆವು, ಸರಿ ಮಾಡಿಕೊಟ್ಟರು. ಬಾಕಿಯೆಲ್ಲ ಒಂದೇ ವರ್ಷದ ಆದಾಯಕ್ಕೆ ಸೇರಿ ತೆರಿಗೆ ಜಾಸ್ತಿ ಬೀಳುವವರು ಅದರಿಂದ ಪರಿಹಾರ ಬೇಕಿದ್ದರೆ ರಿಟರ್ನ್ ಸಲ್ಲಿಸುವ ಮೊದಲು ಆನ್‌ಲೈನ್‌ನಲ್ಲಿ ಫಾರಂ 10ಇ ತುಂಬಬೇಕಿತ್ತು. ನಮ್ಮಲ್ಲಿ ಇಬ್ಬರು ಮರೆತರು. ಅವರಿಗೆ ನೋಟಿಸ್ ಬಂತು.

ಈ ಲೆಕ್ಕದ ಹುಚ್ಚು ನನಗೆ ಹತ್ತಿದ್ದು ಬ್ಯಾಂಕಿನಲ್ಲಲ್ಲ, ಭಾವನ ಕಾರ್ಖಾನೆಯಲ್ಲಿ. ಅವರು ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಯೂನಿಯನ್ ಕಾರ್ಯದರ್ಶಿ. ಕೆಲವು ವರ್ಷದ ಹಿಂದೆ ಬೇಡಿಕೆ ಪಟ್ಟಿ ಹಿಡಿದು ಮನೆಗೆ ಬಂದರು. "ನಿಮ್ಮ ಬ್ಯಾಂಕಿನ ತರ ಮಾಡಿಕೊಡಪ್ಪಾ" ಅಂದರು. ಅದಾಗುವುದಿಲ್ಲ. ನಮ್ಮಲ್ಲಿ 1966ರ ಅಕ್ಟೋಬರ್ 19ರ ಮೊದಲ ದ್ವಿಪಕ್ಷೀಯ ಒಪ್ಪಂದದಿಂದ ದೇಶಕ್ಕೆಲ್ಲ ಒಂದೇ ಮೇಜು. ಅದಕ್ಕೂ ಮೊದಲು ಶಾಸ್ತ್ರಿ, ದೇಸಾಯಿ ಅವಾರ್ಡ್‌ಗಳು, ಅಂದರೆ ನ್ಯಾಯಮಂಡಳಿಗಳ ತೀರ್ಪುಗಳು, ಸಂಬಳ ಹೇಳುತ್ತಿದ್ದವು. ಭಾವನದ್ದು ಒಂದು ಗೇಟು, ಒಂದು ಮ್ಯಾನೇಜ್‌ಮೆಂಟು. ಅಲ್ಲಿ ಪರ್ಸೆಂಟ್ ಮಾತೇ ಇಲ್ಲ, ಮಾತೆಲ್ಲ ರೂಪಾಯಿಯಲ್ಲಿ.

ಕಂಪನಿ ಕೊಟ್ಟ ಆಫರ್ ಮೂರು ವರ್ಷದಲ್ಲಿ ತಿಂಗಳ ಸಂಬಳಕ್ಕೆ ಒಟ್ಟು 9,600 ರೂಪಾಯಿ ಏರಿಕೆ. ಮೊದಲ ವರ್ಷ ಅರ್ಧ, ಆಮೇಲೆ ಕಾಲು, ಕಾಲು. ಭಾವನ ಕಡೆಯವರಲ್ಲಿ ಕೆಲವರು ಇನ್ನೊಂದು ಪ್ರಸ್ತಾಪ ಇಟ್ಟರು: 9,000 ಸಾಕು, ಆದರೆ ಮೊದಲ ವರ್ಷವೇ ಅರವತ್ತು ಪರ್ಸೆಂಟ್, ಆಮೇಲೆ ಇಪ್ಪತ್ತು, ಇಪ್ಪತ್ತು. ಯಾವುದು ಒಳ್ಳೆಯದು ಅಂತ ಸಭೆಯಲ್ಲಿ ಕೂಗಾಟ. ನಾನು ತಿಂಗಳು ಎಣಿಸಿದೆ. ಮೊದಲ ವರ್ಷದ ಹೆಚ್ಚಳ 36 ತಿಂಗಳು ಸಿಗುತ್ತದೆ, ಎರಡನೆಯದು 24, ಮೂರನೆಯದು 12. 9,600ರ ದಾರಿಯಲ್ಲಿ ಮೂರು ವರ್ಷಕ್ಕೆ ಒಬ್ಬರಿಗೆ ಬರುವುದು 2,59,200. 9,000ದ ದಾರಿಯಲ್ಲೂ 2,59,200. ಒಂದು ರೂಪಾಯಿ ಆಚೀಚೆ ಇಲ್ಲ! ಎರಡು ಸಲ ಕೂಡಿಸಿ ನೋಡಿದೆ.

ಹಾಗಂತ ಎರಡೂ ಒಂದೇ ಅಲ್ಲ. ಮುಂದಿನ ಮಾತುಕತೆ ಶುರುವಾಗುವುದು ಮೂರನೇ ವರ್ಷದ ಸಂಬಳದಿಂದ. ಅದು ತಡವಾದರೆ, ತಡವಾಗುವುದೇ ಹೆಚ್ಚು, 9,600 ಪಡೆದವರು ತಿಂಗಳಿಗೆ 600 ಮುಂದಿರುತ್ತಾರೆ. ಒಂದೂವರೆ ವರ್ಷದಲ್ಲಿ ನಿವೃತ್ತಿ ಆಗುವವರಿಗೆ ಮಾತ್ರ 9,000ದ ದಾರಿಯೇ ಲಾಭ. ಸಭೆಯಲ್ಲಿ ಕೂಗುತ್ತಿದ್ದವರು ಯಾರು ಅಂತ ಆಗ ಗೊತ್ತಾಯಿತು: ತಲೆ ನೆರೆತವರೆಲ್ಲ ಒಂದು ಕಡೆ, ಹುಡುಗರೆಲ್ಲ ಇನ್ನೊಂದು ಕಡೆ.

ಕೊನೆಗೆ 9,600ಕ್ಕೇ ಒಪ್ಪಿದರು, ಆದರೆ ಎರಡು ವಿಷಯ ಬರೆಸಿಕೊಂಡರು. ಒಂದು, ಈ ಮೊತ್ತ ಕಾರ್ಮಿಕನ ಸ್ಲಿಪ್ಪಿನದು, ಕಂಪನಿಯ ಪಿಎಫ್ ಪಾಲು, ಬೋನಸ್, ಗ್ರಾಚ್ಯುಟಿ ಖರ್ಚು ಸೇರಿಸಿ ಎಣಿಸುವಂತಿಲ್ಲ. ಮೊದಲ ಕರಡಿನಲ್ಲಿ "ಒಟ್ಟು ವೆಚ್ಚ" ಅಂತ ಒಂದು ಪದ ಸದ್ದಿಲ್ಲದೆ ಕೂತಿತ್ತು, ಅದನ್ನು ಕಿತ್ತರು. ಎರಡು, ಅರ್ಧಕ್ಕಿಂತ ಹೆಚ್ಚು ಬೇಸಿಕ್‌ಗೆ ಹೋಗಬೇಕು. ಇದಕ್ಕೆ ನನ್ನ ಬ್ಯಾಂಕಿನ ಕಥೆ ಹೇಳಿದ್ದೆ. ಆಗಿನ ಗ್ರಾಚ್ಯುಟಿ ಲೆಕ್ಕದಲ್ಲಿ ಕೊನೆಯ ಬೇಸಿಕ್ ಮತ್ತು ಡಿಎಗೆ ವರ್ಷಕ್ಕೆ ಹದಿನೈದು ದಿನ, ತಿಂಗಳಿಗೆ 26 ದಿನದ ಲೆಕ್ಕ. ಇಪ್ಪತ್ತೈದು ವರ್ಷ ದುಡಿದವನಿಗೆ ಸಾವಿರ ರೂಪಾಯಿ ಭತ್ಯೆ ಬದಲು ಬೇಸಿಕ್‌ನಲ್ಲಿ ಬಂದರೆ ನಿವೃತ್ತಿಗೆ 14,423 ರೂಪಾಯಿ ಜಾಸ್ತಿ. ಈ ಒಂದು ಅಂಕಿ ಬೋರ್ಡ್ ಮೇಲೆ ಬರೆದ ಮೇಲೆ ತಲೆ ನೆರೆತವರೂ ಸುಮ್ಮನಾದರು.

ಸಹಿ ಎಲ್ಲಿ ಹಾಕಬೇಕು ಅನ್ನುವುದು ಉಳಿದಿತ್ತು. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆ ಪ್ರಕಾರ ಇಬ್ಬರೇ ಕೂತು ಮಾಡಿಕೊಂಡ 18(1) ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟಿಹಾಕುತ್ತದೆ. ಕಾರ್ಖಾನೆಯಲ್ಲಿ ಇನ್ನೊಂದು ಸಣ್ಣ ಯೂನಿಯನ್ ಇತ್ತು, ನಾಳೆ ಅದು ಬೇರೆ ಪಟ್ಟಿ ಹಿಡಿದು ಬಂದರೆ ಕಷ್ಟ. ಹಾಗಾಗಿ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಮುಂದೆ 12(3) ಅಡಿ ಸಹಿ ಮಾಡಿದರು. ಅದು ಎಲ್ಲ ಕಾರ್ಮಿಕರಿಗೂ, ಆಮೇಲೆ ಸೇರುವವರಿಗೂ ಅನ್ವಯ. ನಮ್ಮ ಬ್ಯಾಂಕಿನ ಒಪ್ಪಂದ ಇದಕ್ಕೆ ಉಲ್ಟಾ, ಅದು 18(1)ರದ್ದೇ. ಅಧಿಕಾರಿಗಳಂತೂ ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೇ ಅಲ್ಲ. ಅವರದ್ದಕ್ಕೆ ಒಪ್ಪಂದ ಅನ್ನದೆ ಜಾಯಿಂಟ್ ನೋಟ್ ಅನ್ನುತ್ತಾರೆ.

ಸಹಿಯಾದ ಸಂಜೆ ಭಾವ ಫೋನ್ ಮಾಡಿದ್ದರು. "ಸ್ವೀಟ್ ತರ್ತೀನಿ" ಅಂದರು. ನಾನು ಕೇಳಿದೆ: "ಮೂರು ವರ್ಷ ಮುಗಿದ ಮೇಲೆ ಹೊಸದು ಆಗೋವರೆಗೂ ಇದೇ ಮುಂದುವರಿಯುತ್ತೆ ಅಂತ ಬರೆಸಿದ್ರಾ ಭಾವ?" ಒಂದು ಕ್ಷಣ ಸುಮ್ಮನಿದ್ದರು. "ಕೊನೇ ಪುಟದಲ್ಲಿದೆ, ಇರು, ಓದ್ತೀನಿ" ಅಂತ ಕಾಗದ ತಿರುವುವ ಸದ್ದು ಕೇಳಿಸಿತು.