ಉತ್ತರ ಬೇಡದ ಪತ್ರ: ಎಂಟು ವರ್ಷದ ಸಂಬಂಧವನ್ನು ಬರೆದು ಮುಗಿಸಿದ್ದು

ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೆ, ಅವನು ಉಡುಪಿಯಲ್ಲಿ. ಎರಡೂ ಮನೆಗೆ ಗೊತ್ತಿದ್ದ ಸಂಬಂಧ. ಬಿಡಬೇಕು ಎಂದು ಹಿಂದೆಯೂ ಎದುರು ಕೂತು ಹೇಳಿದ್ದೆ. ಮಾತು ಶುರುವಾದರೆ ಅವನು ಅಳುತ್ತಿದ್ದ, ನಾನು ಸಮಾಧಾನ ಮಾಡುತ್ತಿದ್ದೆ, ಅಲ್ಲಿಗೆ ಹೇಳಿದ್ದು ಕರಗಿ ಹೋಗುತ್ತಿತ್ತು. ಅದಕ್ಕೇ ಈ ಸಲ ಬರೆದೆ.

ವಾಟ್ಸಾಪ್ ಬೇಡ ಎಂದು ಮೊದಲೇ ನಿರ್ಧರಿಸಿದ್ದೆ. ಅಲ್ಲಿ ನೀಲಿ ಟಿಕ್ ಬಿದ್ದ ಕೂಡಲೇ ಫೋನ್ ಬರುತ್ತದೆ. ಇಮೇಲ್ ನಿಧಾನಕ್ಕೆ ಓದುವಂಥದ್ದು, ತಾರೀಕಿನ ಸಮೇತ ಇಬ್ಬರ ಬಳಿಯೂ ಉಳಿಯುತ್ತದೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಪತ್ರ ಬರೆದದ್ದು ಕನ್ನಡದಲ್ಲಿ.

ಕರಡನ್ನು ನನ್ನ ಅಕ್ಕನಿಗೆ ತೋರಿಸಿದೆ. ಅವಳು ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿದಳು: "ಇದಕ್ಕೆ ಅವನು ಏನಾದರೂ ಉತ್ತರ ಕೊಡಬಹುದಾ?" ಕೊಡಬಹುದು ಅನಿಸಿದ ಸಾಲನ್ನೆಲ್ಲ ತೆಗೆದೆವು. "ನೀನು ಯಾವತ್ತೂ ನನ್ನ ಮಾತು ಕೇಳಲಿಲ್ಲ" ಎಂದರೆ, "ಯಾವಾಗ ಕೇಳಲಿಲ್ಲ ಹೇಳು" ಎಂದು ಬರುತ್ತದೆ. "ಸದ್ಯಕ್ಕೆ ದೂರ ಇರೋಣ" ಎಂದರೆ, "ಎಷ್ಟು ದಿನ?" ಎಂದು ಬರುತ್ತದೆ. "ಒಳ್ಳೆಯ ಸ್ನೇಹಿತರಾಗಿ ಇರೋಣ" ಎನ್ನುವುದು ದಯೆಯಂತೆ ಕಾಣುತ್ತದೆ, ಆದರೆ ಬಿಟ್ಟುಹೋಗುವವಳ ಮನಸ್ಸಿಗೆ ಮಾತ್ರ ಅದರಿಂದ ಹಗುರ. ಉಳಿದವನಿಗೆ ಅದು ಕಾಯುವುದಕ್ಕೆ ಒಂದು ಕಾರಣ.

ಕೊನೆಗೆ ಉಳಿದ ಆರಂಭ ಇಷ್ಟು: "ನಮ್ಮ ಸಂಬಂಧವನ್ನು ನಾನು ಇಲ್ಲಿಗೆ ಮುಗಿಸುತ್ತಿದ್ದೇನೆ. ತುಂಬಾ ಯೋಚಿಸಿ ಮಾಡಿದ ತೀರ್ಮಾನ ಇದು, ಬದಲಾಗುವುದಿಲ್ಲ. ನಿನ್ನ ಜೊತೆ ಮದುವೆಯಾಗಿ ಬದುಕಲು ನನಗೆ ಮನಸ್ಸಿಲ್ಲ." ಕಾರಣ ಅಂತ ಬರೆದದ್ದು ಅದೊಂದೇ. ಅದು ನನ್ನ ಮನಸ್ಸಿನ ವಿಷಯ. ಅವನು ಸುಧಾರಿಸಿ ತೋರಿಸಬೇಕಾದ್ದು ಅದರಲ್ಲಿ ಏನೂ ಇಲ್ಲ. ಆಮೇಲೆ, ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವನು ರಾತ್ರಿಯೆಲ್ಲ ಕೂತದ್ದನ್ನು ನೆನೆದು ಒಂದು ಸಾಲು. ಅದು ನಿಜ, ಬರೆಯದೆ ಇರಲು ನನಗೆ ಆಗಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಸಂಪರ್ಕ ಬೇಡ ಎನ್ನುವ ಭಾಗ. "ನನ್ನನ್ನು ನನ್ನ ಪಾಡಿಗೆ ಬಿಡು" ಎಂದರೆ ಸಾಲದು, ಏನೇನು ಬೇಡ ಎಂದು ಹೇಳಬೇಕು. ಹೀಗೆ ಬರೆದೆ: "ಇನ್ನು ಮುಂದೆ ಫೋನ್, ಮೆಸೇಜ್, ಮೇಲ್ ಮಾಡಬೇಡ. ಆಫೀಸಿಗೆ, ಮನೆಗೆ ಬರಬೇಡ. ಗೆಳೆಯರ ಮೂಲಕ ಹೇಳಿ ಕಳಿಸಬೇಡ. ಈ ಪತ್ರಕ್ಕೆ ಉತ್ತರ ಬೇಡ, ಬಂದರೂ ನಾನು ಬರೆಯುವುದಿಲ್ಲ." ಮಂಗಳೂರು-ಉಡುಪಿ ಅಂದರೆ ಒಂದೇ ಊರಿನ ಹಾಗೆ. ಕೋಲದಲ್ಲೋ ಮದುವೆಯಲ್ಲೋ ಎದುರಾಗುವುದು ಖಂಡಿತ. ಅದಕ್ಕೂ ಒಂದು ಸಾಲು ಹಾಕಿದೆ: ಎದುರು ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗೋಣ. ಅವನ ಅಮ್ಮನಿಗೆ ನಾನೇ ಒಮ್ಮೆ ಫೋನ್ ಮಾಡಿ ತಿಳಿಸುತ್ತೇನೆ ಎಂದೂ ಬರೆದೆ, ಹಾಗೇ ಮಾಡಿದೆ.

ಇಬ್ಬರ ಹೆಸರಿನಲ್ಲಿ ಒಂದು ಆರ್.ಡಿ. ಇತ್ತು, ಮುರಿಸಲು ಇಬ್ಬರ ಸಹಿಯೂ ಬೇಕಿತ್ತು. ಇಂಥದ್ದನ್ನು ಬಾಕಿ ಇಟ್ಟರೆ ಅದೇ ನೆಪವಾಗುತ್ತದೆ. ನಾನು ಸಹಿ ಹಾಕಿದ ಫಾರಂ, ಅವನ ಪುಸ್ತಕಗಳು, ಮನೆಯ ಕೀ ಎಲ್ಲವನ್ನೂ ಅಕ್ಕನ ಗಂಡ ತಲುಪಿಸುತ್ತಾರೆ, ನನ್ನ ಅರ್ಧ ಹಣವನ್ನು ಖಾತೆಗೆ ಹಾಕು, ಇದರ ಬಗ್ಗೆ ಏನಿದ್ದರೂ ಭಾವನ ಹತ್ತಿರ ಮಾತ್ರ ಮಾತಾಡು ಎಂದು ಬರೆದೆ.

ಕಳಿಸಿದ ಕೂಡಲೇ ಅವನ ನಂಬರ್ ಬ್ಲಾಕ್ ಮಾಡಿದೆ. ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದರೂ ಇಬ್ಬರೂ ಇರುವ ಗುಂಪಿನಲ್ಲಿ ಮೆಸೇಜ್ ಕಾಣುತ್ತದೆ, ಹಾಗಾಗಿ ಅಂಥ ಗುಂಪುಗಳಿಂದಲೂ ಹೊರಬಂದೆ. ಮೇಲ್ ಬಂತು. "ಒಂದೇ ಒಂದು ಪ್ರಶ್ನೆ, ಆಮೇಲೆ ಕೇಳುವುದಿಲ್ಲ" ಎಂದು. ಕೈ ತುಂಬಾ ತಡವರಿಸಿತು. ಆದರೆ ಹತ್ತು ಮೇಲ್ ಸುಮ್ನೆ ಬಿಟ್ಟು ಹನ್ನೊಂದನೆಯದಕ್ಕೆ ಉತ್ತರಿಸಿದರೆ, ಹನ್ನೊಂದು ಸಲ ಬರೆದರೆ ಸಿಗುತ್ತಾಳೆ ಎಂದು ನಾನೇ ಕಲಿಸಿದ ಹಾಗೆ ಅಲ್ವಾ? ಶುರುವಿನಲ್ಲಿ ಮೇಲ್ ಜಾಸ್ತಿಯಾಯಿತು, ಆಮೇಲೆ ಇಳಿಯಿತು.

ಇಳಿಯದೆ ಹೋಗುವುದೂ ಉಂಟು. ಹುಡುಗಿ ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಗಂಡಸು ಪದೇ ಪದೇ ಸಂಪರ್ಕಿಸಿದರೆ, ಹಿಂಬಾಲಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು. ಆಗ ಈ ಪತ್ರವೇ ಸಾಕ್ಷಿ. ಹೊಡೆಯುವ, ಬೆದರಿಸುವ ಮನುಷ್ಯನಾದರೆ ಪತ್ರ ಕಳಿಸುವ ಮೊದಲೇ ಮನೆಯವರಿಗೆ ತಿಳಿಸಿ, ಬೇರೆ ಕಡೆ ಇರುವ ವ್ಯವಸ್ಥೆ ಮಾಡಿಕೊಳ್ಳಬೇಕು. 181 ಮಹಿಳಾ ಸಹಾಯವಾಣಿ, ತುರ್ತಿಗೆ 112.

ಅದೇ ಕಾರಣಕ್ಕೆ ಅವನ ಮೇಲ್‌ಗಳನ್ನು ಅಳಿಸಲಿಲ್ಲ. ಅವು ಇನ್‌ಬಾಕ್ಸಿಗೆ ಬಾರದೆ ಬೇರೊಂದು ಫೋಲ್ಡರಿಗೆ ಹೋಗುವಂತೆ ಫಿಲ್ಟರ್ ಹಾಕಿದೆ. ಬೆದರಿಕೆ ಏನಾದರೂ ಇದೆಯಾ ಎಂದು ವಾರಕ್ಕೊಮ್ಮೆ ಅಕ್ಕ ನೋಡುತ್ತಿದ್ದಳು, ಒಳಗಿನ ಮಾತು ನನಗೆ ಹೇಳುತ್ತಿರಲಿಲ್ಲ. ಹಣ ಖಾತೆಗೆ ಬಂದ ಮೇಲೆ ಭಾವನೂ ಅವನ ಜೊತೆ ಮಾತು ನಿಲ್ಲಿಸಿದರು.